ನದಿ ಕಣಿವೆಯ ಕ್ಷೇತ್ರ ಅಧ್ಯಯನ: ಒಂಬತ್ತನೇ ತರಗತಿಯ ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಒಂಬತ್ತನೇ ತರಗತಿಯ ಭೂಗೋಳ ಪಾಠದ ಅಂಗವಾಗಿ ಮುಂದಿನ ತಿಂಗಳ 14ನೇ ತಾರೀಖು ಶುಕ್ರವಾರ, ನಮ್ಮ 36 ವಿದ್ಯಾರ್ಥಿಗಳನ್ನು ಒಂದು ದಿನದ ಮಟ್ಟಿಗೆ ನದಿ ಕಣಿವೆಗೆ ಕರೆದೊಯ್ಯಲು ನಿರ್ಧರಿಸಲಾಗಿದೆ. ಬೆಳಿಗ್ಗೆ 7.30ಕ್ಕೆ ಶಾಲೆಯ ಆವರಣದಿಂದ ಬಸ್ಸು ಹೊರಡುತ್ತದೆ, ಸಂಜೆ 5.30ರ ಹೊತ್ತಿಗೆ ಅಲ್ಲಿಗೇ ಮರಳುತ್ತದೆ. ಬಸ್ಸಿನ ಖರ್ಚನ್ನು ಶಾಲೆಯೇ ಭರಿಸುವುದರಿಂದ ತಾವು ಹಣ ಕೊಡಬೇಕಾಗಿಲ್ಲ. ಅಲ್ಲಿ ಮಕ್ಕಳು ಏನು ಮಾಡುತ್ತಾರೆ, ಏಕೆ ಮಾಡುತ್ತಾರೆ, ಅವರ ಸುರಕ್ಷತೆಗೆ ಏನು ವ್ಯವಸ್ಥೆಯಿದೆ ಎಂಬುದನ್ನು ತಿಳಿದ ಮೇಲೆಯೇ ತಾವು ಒಪ್ಪಿಗೆ ನೀಡಬೇಕೆಂಬ ಉದ್ದೇಶದಿಂದ ಈ ಪತ್ರವನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನದಿಯು ಮೇಲ್ಕಣಿವೆಯಲ್ಲಿ ಸವೆಸುತ್ತದೆ, ಮಧ್ಯದಲ್ಲಿ ಸಾಗಿಸುತ್ತದೆ, ಕೆಳಕಣಿವೆಯಲ್ಲಿ ಸಂಚಯಿಸುತ್ತದೆ ಎಂಬ ಪಾಠವನ್ನು ಮಕ್ಕಳು ಈಗಾಗಲೇ ಓದಿದ್ದಾರೆ. ಕೇಳಿದರೆ ತಪ್ಪಿಲ್ಲದೆ ಒಪ್ಪಿಸುತ್ತಾರೆ ಕೂಡ. ಆದರೆ ಹಾಗೆ ಒಪ್ಪಿಸುವ ಮಗುವಿಗೆ ಒಂದು ತಿರುವಿನ ಚಿತ್ರ ತೋರಿಸಿ, ಇಲ್ಲಿ ಯಾವ ದಂಡೆ ಕುಸಿಯುತ್ತದೆ, ಏಕೆ ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ನದಿಯ ಈ ಮೂರೂ ಕೆಲಸಗಳು ಮೂರು ಬೇರೆ ಬೇರೆ ಊರುಗಳಲ್ಲಿ ನಡೆಯುವುದಿಲ್ಲ. ಹತ್ತು ಮೀಟರ್ ಅಗಲದ ಒಂದೇ ತಿರುವಿನಲ್ಲಿ, ಒಂದೇ ಹೊತ್ತಿನಲ್ಲಿ, ಹೊರದಂಡೆ ಸವೆಯುತ್ತಿರುತ್ತದೆ, ನಡುವೆ ಮರಳು ಉರುಳುತ್ತಿರುತ್ತದೆ, ಒಳದಂಡೆಯಲ್ಲಿ ಅದೇ ಮರಳು ಬಂದು ನಿಲ್ಲುತ್ತಿರುತ್ತದೆ. ಇದನ್ನು ಕಪ್ಪುಹಲಗೆಯ ಮೇಲೆ ಎಷ್ಟು ಬಾರಿ ಬರೆದು ತೋರಿಸಿದರೂ, ಹೊರದಂಡೆಯ ಬಳಿ ಅಳತೆಕೋಲು ಇಳಿಸಿದಾಗಿನ ಆಳವನ್ನೂ ಒಳದಂಡೆಯ ಬಳಿ ಬರಿಯ ಕಣಕಾಲು ಮುಳುಗುವಷ್ಟು ನೀರನ್ನೂ ಕಣ್ಣಾರೆ ಕಂಡವರಿಗೆ ಆಗುವ ಮನವರಿಕೆ ಬೇರೆಯೇ.

ಒಂದೇ ನದಿಯ ಉದ್ದಕ್ಕೂ ಮೂರು ಸ್ಥಳಗಳನ್ನು ಆರಿಸಿಕೊಂಡಿದ್ದೇವೆ. ಮೊದಲನೆಯದು ಕಣಿವೆಯ ಮೇಲ್ಭಾಗ. ಅಲ್ಲಿ ಹೊಳೆ ಎರಡು ಮೀಟರಿನಷ್ಟು ಅಗಲವಿದ್ದು, ಇಕ್ಕೆಲದ ಇಳಿಜಾರುಗಳು ಕೂಡಿ ‘ವಿ’ ಆಕಾರ ತಾಳಿವೆ. ಎರಡನೆಯದು ಉಪಹೊಳೆಯೊಂದು ಬಂದು ಸೇರುವ ಜಾಗದಿಂದ ಸ್ವಲ್ಪ ಕೆಳಗೆ. ಮೂರನೆಯದು ಬಯಲಿನಲ್ಲಿ ನದಿ ಅಂಕುಡೊಂಕಾಗಿ ಹರಿಯುವ ಕಡೆ. ಪ್ರತಿ ಸ್ಥಳದಲ್ಲೂ ಆರು ಮಕ್ಕಳ ಒಂದೊಂದು ಗುಂಪು ನದಿಪಾತ್ರದ ಅಗಲವನ್ನು ಟೇಪಿನಿಂದಲೂ, ಅಡ್ಡಲಾಗಿ ಸಮಾನ ಅಂತರದ ಐದು ಬಿಂದುಗಳಲ್ಲಿ ಆಳವನ್ನು ಅಳತೆಕೋಲಿನಿಂದಲೂ ಅಳೆಯುತ್ತದೆ. ವೇಗ ತಿಳಿಯಲು ದಂಡೆಯ ಮೇಲೆ ಹತ್ತು ಮೀಟರ್ ಗುರುತು ಮಾಡಿ, ಒಂದು ಕಿತ್ತಳೆ ಹಣ್ಣನ್ನು ತೇಲಿಬಿಟ್ಟು, ಅದು ಆ ದೂರ ಕ್ರಮಿಸುವ ಸಮಯವನ್ನು ಮೂರು ಬಾರಿ ದಾಖಲಿಸುತ್ತದೆ. ಕಿತ್ತಳೆ ಹಣ್ಣೇ ಏಕೆಂದರೆ ಅದು ಬಹುಪಾಲು ನೀರಿನಲ್ಲಿ ಮುಳುಗಿಯೇ ತೇಲುವುದರಿಂದ ಗಾಳಿ ಅದನ್ನು ಅಷ್ಟಾಗಿ ತಳ್ಳುವುದಿಲ್ಲ, ದೂರದಿಂದಲೂ ಕಾಣಿಸುತ್ತದೆ, ಕೈತಪ್ಪಿ ಹೋದರೂ ನದಿಗೆ ಕಸ ಸೇರಿದಂತಾಗುವುದಿಲ್ಲ.

ಇಲ್ಲಿ ಗಣಿತವೂ ಬರುತ್ತದೆ. ಮೇಲ್ಮೈಯ ನೀರು ತಳದ ನೀರಿಗಿಂತ ವೇಗವಾಗಿ ಹರಿಯುವುದರಿಂದ, ತೇಲುವ ವಸ್ತುವಿನಿಂದ ದೊರೆತ ವೇಗವನ್ನು ಸಾಮಾನ್ಯವಾಗಿ 0.85ರಿಂದ ಗುಣಿಸಿ ಸರಾಸರಿ ವೇಗವನ್ನು ಅಂದಾಜು ಮಾಡಲಾಗುತ್ತದೆ. ಉದಾಹರಣೆಗೆ, ನದಿಪಾತ್ರ 4 ಮೀಟರ್ ಅಗಲ, ಸರಾಸರಿ 0.25 ಮೀಟರ್ ಆಳವಿದ್ದು, ಹಣ್ಣು ಹತ್ತು ಮೀಟರನ್ನು 20 ಸೆಕೆಂಡಿನಲ್ಲಿ ದಾಟಿತೆನ್ನೋಣ. ಆಗ ಅಡ್ಡಕೊಯ್ತದ ವಿಸ್ತೀರ್ಣ 1 ಚದರ ಮೀಟರ್, ತಿದ್ದಿದ ವೇಗ ಸೆಕೆಂಡಿಗೆ 0.425 ಮೀಟರ್, ಎಂದರೆ ಆ ಜಾಗದಲ್ಲಿ ಸೆಕೆಂಡಿಗೆ 425 ಲೀಟರ್ ನೀರು ಹಾದುಹೋಗುತ್ತಿದೆ ಎಂದಾಯಿತು. ಪಠ್ಯದಲ್ಲಿ ‘ನೀರಿನ ವಿಸರ್ಜನೆ’ ಎಂದು ಓದಿ ಮರೆಯುವ ಪದ ಹೀಗೆ ಕೈಯಲ್ಲಿ ಹಿಡಿಯಬಹುದಾದ ಸಂಖ್ಯೆಯಾಗುತ್ತದೆ.

ನೀರಿನ ಜೊತೆಗೆ ಕಲ್ಲುಗಳನ್ನೂ ಅಳೆಯಲಾಗುತ್ತದೆ. ಪ್ರತಿ ಸ್ಥಳದಲ್ಲಿ ಒಂದೊಂದು ಗುಂಪು ಮೂವತ್ತು ಕಲ್ಲುಗಳನ್ನು ಎತ್ತಿ, ಅವುಗಳ ಉದ್ದವನ್ನು ಬರೆದುಕೊಂಡು, ಮೊನಚೋ ದುಂಡೋ ಎಂಬುದನ್ನು ಮಾದರಿ ಚಿತ್ರಗಳ ಜೊತೆ ಹೋಲಿಸಿ ಗುರುತಿಸಿ, ಕಲ್ಲನ್ನು ಇದ್ದಲ್ಲಿಯೇ ಇಡುತ್ತದೆ. ಕೆಳಗೆ ಹೋದಂತೆ ಕಲ್ಲುಗಳು ಒಂದಕ್ಕೊಂದು ತಾಗಿ, ತಳಕ್ಕೆ ಉಜ್ಜಿ, ಚಿಕ್ಕವೂ ದುಂಡಗಿನವೂ ಆಗಿರಬೇಕೆಂಬುದು ನಿರೀಕ್ಷೆ. ಆದರೆ ಉಪಹೊಳೆ ತನ್ನ ಪಾಲಿನ ಹೊಸ ಮೊನಚು ಕಲ್ಲುಗಳನ್ನು ತಂದು ಸುರಿಯುವ ಎರಡನೇ ಸ್ಥಳದಲ್ಲಿ ಆ ನಿರೀಕ್ಷೆ ಹುಸಿಯಾಗುವ ಸಾಧ್ಯತೆಯಿದೆ. ಆ ಜಾಗವನ್ನು ಬೇಕೆಂದೇ ಆರಿಸಿದ್ದೇನೆ. ಮಕ್ಕಳ ಕೈ ತಾನಾಗಿಯೇ ನುಣುಪಾದ, ಬಣ್ಣದ ಕಲ್ಲಿನ ಕಡೆಗೆ ಹೋಗುತ್ತದೆ (ದೊಡ್ಡವರದ್ದೂ ಹೋಗುತ್ತದೆ). ಆದ್ದರಿಂದ ಕಣ್ಣು ಬೇರೆಡೆ ತಿರುಗಿಸಿ, ಬೂಟಿನ ತುದಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಬೇಕೆಂಬ ನಿಯಮವಿದೆ. ಆಯ್ಕೆಯಲ್ಲಿ ನುಸುಳುವ ಪಕ್ಷಪಾತವೆಂದರೇನು ಎಂಬುದನ್ನು ಇದಕ್ಕಿಂತ ಸುಲಭವಾಗಿ ಕಲಿಸುವ ದಾರಿ ನನಗೆ ತಿಳಿದಿಲ್ಲ.

ಈ ಅಧ್ಯಯನದ ಮುಖ್ಯ ಪ್ರಶ್ನೆ ಇಷ್ಟೇ: ನದಿಯ ನೀರು ಎಲ್ಲಿ ಹೆಚ್ಚು ವೇಗವಾಗಿ ಹರಿಯುತ್ತದೆ, ಮೇಲಿನ ಕಡಿದಾದ ಭಾಗದಲ್ಲೋ ಕೆಳಗಿನ ಬಯಲಿನಲ್ಲೋ? ತರಗತಿಯಲ್ಲಿ ಕೇಳಿದಾಗ 36 ಮಂದಿಯಲ್ಲಿ 33 ಮಂದಿ ಮೇಲ್ಭಾಗವೆಂದು ಕೈ ಎತ್ತಿದರು. ನೊರೆ, ಸದ್ದು, ಧುಮುಕುವ ನೀರು, ಇವೆಲ್ಲ ನಮ್ಮನ್ನೂ ಹಾಗೆಯೇ ನಂಬಿಸುತ್ತವೆ. ಅಮೆರಿಕದ ಜಲವಿಜ್ಞಾನಿ ಲೂನಾ ಲಿಯೋಪೋಲ್ಡ್ ಅವರು 1953ರಲ್ಲಿ ಅನೇಕ ನದಿಗಳ ಅಳತೆಗಳನ್ನು ಒಟ್ಟುಗೂಡಿಸಿ, ಸರಾಸರಿ ವೇಗವು ಕೆಳಗೆ ಹೋದಂತೆ ಕುಗ್ಗುವುದಕ್ಕಿಂತ ಹೆಚ್ಚುವುದೇ ಸಾಮಾನ್ಯವೆಂದು ತೋರಿಸಿದರು. ಮೇಲ್ಭಾಗದ ಆಳವಿಲ್ಲದ ನೀರು ದೊಡ್ಡ ಕಲ್ಲುಗಳಿಗೆ ಬಡಿದು, ಸುಳಿದು, ತನ್ನ ಶಕ್ತಿಯ ಬಹುಭಾಗವನ್ನು ಘರ್ಷಣೆಯಲ್ಲಿಯೇ ಕಳೆದುಕೊಳ್ಳುತ್ತದೆ. ಕೆಳಭಾಗದಲ್ಲಿ ಪಾತ್ರ ಆಳವಾಗಿ, ತಳ ನುಣುಪಾಗಿ, ನೀರಿನ ಅಲ್ಪ ಪಾಲು ಮಾತ್ರ ದಂಡೆಗೂ ತಳಕ್ಕೂ ತಾಗುವುದರಿಂದ ಅಡ್ಡಿ ಕಡಿಮೆ. ತಮ್ಮಲ್ಲಿ ನನ್ನ ಒಂದು ಕೋರಿಕೆ: ದಯವಿಟ್ಟು ಈ ಪ್ಯಾರಾವನ್ನು ಮಕ್ಕಳಿಗೆ ಓದಿ ಹೇಳಬೇಡಿ. ಉತ್ತರ ಮೊದಲೇ ತಿಳಿದರೆ ಗಡಿಯಾರದ ಮುಳ್ಳು ಆ ಉತ್ತರದ ಕಡೆಗೇ ಒತ್ತಲ್ಪಡುತ್ತದೆ. ನಮ್ಮ ನದಿಯೇ ಲಿಯೋಪೋಲ್ಡ್ ಅವರ ಮಾತಿಗೆ ವಿರುದ್ಧವಾದ ಅಂಕಿ ಕೊಟ್ಟರೂ ಅಡ್ಡಿಯಿಲ್ಲ. ಮೂರೇ ಸ್ಥಳ, ಒಂದೇ ದಿನದ ಅಳತೆಯಿಂದ ಎಷ್ಟು ಹೇಳಬಹುದು, ಎಷ್ಟು ಹೇಳಲಾಗದು ಎಂದು ಚರ್ಚಿಸುವುದಕ್ಕೆ ಅದು ಇನ್ನೂ ಒಳ್ಳೆಯ ಅವಕಾಶ.

ಕ್ಷೇತ್ರದಿಂದ ಬಂದ ಮೇಲೆ ಮೂರು ತರಗತಿಗಳನ್ನು ನಕ್ಷೆ, ಅಡ್ಡಕೊಯ್ತದ ಚಿತ್ರ ಮತ್ತು ವರದಿಗಾಗಿ ಮೀಸಲಿಡಲಾಗಿದೆ. ವರದಿಗೆ 20 ಅಂಕಗಳಿದ್ದು, ಅವು ಪಠ್ಯಕ್ಕೆ ಹೊಂದುವ ಫಲಿತಾಂಶಕ್ಕಲ್ಲ, ದಾಖಲೆಯ ಪ್ರಾಮಾಣಿಕತೆಗೆ ಮತ್ತು ಕಾರಣ ಹುಡುಕಿದ ರೀತಿಗೆ ಸಲ್ಲುತ್ತವೆ. ಮೂರನೇ ಸ್ಥಳದಲ್ಲಿ ಪ್ರತಿ ಮಗುವೂ ಕಣಿವೆಯ ರೇಖಾಚಿತ್ರವೊಂದನ್ನು ಪೆನ್ಸಿಲಿನಲ್ಲಿ ಬರೆಯಬೇಕು. ಫೋಟೋ ಎಲ್ಲವನ್ನೂ ಹಿಡಿಯುತ್ತದೆ, ಚಿತ್ರ ಬರೆಯುವವರು ಯಾವುದು ಮುಖ್ಯವೆಂದು ನಿರ್ಧರಿಸಲೇಬೇಕಾಗುತ್ತದೆ. ಫೋಟೋಗಾಗಿ ಗುಂಪಿಗೊಂದು ಕ್ಯಾಮೆರಾ ಶಾಲೆಯದೇ ಇರುತ್ತದೆ, ಆದ್ದರಿಂದ ಮೊಬೈಲ್ ಫೋನ್ ಕಳುಹಿಸಬೇಡಿ.

ಇನ್ನು ಸುರಕ್ಷತೆಯ ವಿಚಾರ. ಕಳೆದ ವಾರ ನಾನೂ ಇಬ್ಬರು ಸಹಶಿಕ್ಷಕರೂ ಮೂರೂ ಸ್ಥಳಗಳಿಗೆ ಹೋಗಿ ನೋಡಿ ಬಂದೆವು. ಮೊದಲು ಗೊತ್ತುಮಾಡಿದ್ದ ಮೂರನೇ ಸ್ಥಳದಲ್ಲಿ ದಂಡೆ ಜಾರುತ್ತಿದ್ದು, ತಿರುವಿನ ಹೊರಭಾಗದ ಆಳವೂ ಹೆಚ್ಚೆನಿಸಿದ್ದರಿಂದ ಅದನ್ನು ಬಿಟ್ಟು ಅರ್ಧ ಕಿಲೋಮೀಟರ್ ಮೇಲಿನ ಸಣ್ಣ ತಿರುವನ್ನು ಆರಿಸಿದೆವು. ಆರು ಮಕ್ಕಳ ಪ್ರತಿ ಗುಂಪಿಗೂ ಒಬ್ಬ ವಯಸ್ಕರಿದ್ದು, ಅವರಲ್ಲದೆ ಪ್ರಥಮ ಚಿಕಿತ್ಸೆಯ ತರಬೇತಿ ಪಡೆದ ಒಬ್ಬರು ಜೊತೆಗಿರುತ್ತಾರೆ. ನೀರು ಮೊಣಕಾಲಿಗಿಂತ ಮೇಲೆ ಬರುವ ಕಡೆ ಯಾರೂ ಇಳಿಯುವುದಿಲ್ಲ. ಈಜು ಬಲ್ಲ ಮಕ್ಕಳಿಗೂ ಇದೇ ನಿಯಮ. ಹೊರದಂಡೆಯ ಆಳವನ್ನು ಶಿಕ್ಷಕರು ದಂಡೆಯ ಮೇಲಿಂದಲೇ ಉದ್ದದ ಕೋಲಿನಿಂದ ಅಳೆದು ತೋರಿಸುತ್ತಾರೆ. ಅಳತೆ ನಡೆಯುವಾಗ ಸ್ವಲ್ಪ ಕೆಳಗೆ ಎಸೆಯುವ ಹಗ್ಗ ಹಿಡಿದ ಶಿಕ್ಷಕರೊಬ್ಬರು ನಿಂತಿರುತ್ತಾರೆ. ನಾವಿರುವ ಜಾಗದಲ್ಲಿ ಬಿಸಿಲಿದ್ದರೂ ಮೇಲಿನ ಜಲಾನಯನ ಪ್ರದೇಶದಲ್ಲಿ ಸುರಿದ ಮಳೆಯಿಂದ ನೀರು ಏರಬಹುದಾದ್ದರಿಂದ, ಹಿಂದಿನ ಸಂಜೆಯೂ ಅಂದು ಬೆಳಿಗ್ಗೆಯೂ ಇಡೀ ಕಣಿವೆಯ ಹವಾಮಾನ ಮುನ್ಸೂಚನೆ ನೋಡಿಯೇ ಹೊರಡುತ್ತೇವೆ. ನೀರು ಇದ್ದಕ್ಕಿದ್ದಂತೆ ಕದಡಿದರೆ ಅಥವಾ ಎಲೆ ಕಡ್ಡಿಗಳು ಹೆಚ್ಚಾಗಿ ತೇಲಿಬಂದರೆ ಆ ಕ್ಷಣವೇ ಎಲ್ಲರನ್ನೂ ಎತ್ತರದ ಜಾಗಕ್ಕೆ ಕರೆತರಲಾಗುವುದು. ಅನುಮಾನವಿದ್ದರೆ ಕಾರ್ಯಕ್ರಮವನ್ನು 21ನೇ ತಾರೀಖಿಗೆ ಮುಂದೂಡುತ್ತೇವೆ.

ನೀರಿಗಿಳಿಯಲು ಅಂಜುವ, ಅಥವಾ ಆರೋಗ್ಯದ ಕಾರಣದಿಂದ ಇಳಿಯಲಾಗದ ಮಕ್ಕಳನ್ನು ಒತ್ತಾಯಿಸುವುದಿಲ್ಲ. ಸಮಯ ದಾಖಲಿಸುವುದು, ಲೆಕ್ಕ ಬರೆಯುವುದು, ಇಳಿಜಾರಿನ ಕೋನ ಅಳೆಯುವುದು ದಂಡೆಯ ಮೇಲಿನ ಕೆಲಸಗಳೇ ಆಗಿದ್ದು, ಅವಿಲ್ಲದೆ ಉಳಿದ ಅಳತೆಗಳಿಗೆ ಅರ್ಥವಿಲ್ಲ.

ಒದ್ದೆಯಾದರೂ ತೊಂದರೆಯಿಲ್ಲದ, ಲೇಸು ಬಿಗಿಯುವ ಹಳೆಯ ಬೂಟು, ಬೇಗ ಒಣಗುವ ಉದ್ದ ಪ್ಯಾಂಟು, ಬದಲಿಸಲು ಒಂದು ಜೊತೆ ಬಟ್ಟೆ ಮತ್ತು ಕಾಲುಚೀಲ, ಟೋಪಿ, ಊಟದ ಡಬ್ಬಿ ಮತ್ತು ಕುಡಿಯುವ ನೀರನ್ನು ಕಳುಹಿಸಿಕೊಡಿ. ಚಪ್ಪಲಿ ಬೇಡ. ಕಾಲಿನಲ್ಲಿ ಗಾಯವಿದ್ದರೆ ನೀರು ಒಳಸೇರದ ಪಟ್ಟಿ ಅಂಟಿಸಿ, ನಮಗೂ ತಿಳಿಸಿ. ಪ್ರಾಣಿಗಳ ಮೂತ್ರದಿಂದ ನೀರಿಗೆ ಸೇರುವ ರೋಗಾಣುವಿನಿಂದ ಇಲಿಜ್ವರ ತಗಲುವ ಸಾಧ್ಯತೆ ಎಲ್ಲ ನದಿ, ಕೆರೆಗಳಲ್ಲಿಯೂ ಅಲ್ಪಮಟ್ಟಿಗೆ ಇರುವುದರಿಂದ, ಊಟಕ್ಕೆ ಮುಂಚೆ ಎಲ್ಲರೂ ಸೋಪಿನಿಂದ ಕೈ ತೊಳೆಯುವಂತೆ ನೋಡಿಕೊಳ್ಳುತ್ತೇವೆ. ಮುಂದಿನ ಮೂರು ನಾಲ್ಕು ವಾರಗಳಲ್ಲಿ ಮಗುವಿಗೆ ಜ್ವರ, ಮೈಕೈ ನೋವು ಬಂದರೆ, ನದಿನೀರಿನಲ್ಲಿ ಇಳಿದಿದ್ದ ವಿಷಯವನ್ನು ವೈದ್ಯರಿಗೆ ತಪ್ಪದೆ ಹೇಳಿ. ಉಬ್ಬಸ, ಜೇನುಹುಳು ಕಡಿತದ ಅಲರ್ಜಿ, ಮೂರ್ಛೆ ಇತ್ಯಾದಿ ತೊಂದರೆಗಳಿದ್ದರೆ ಒಪ್ಪಿಗೆ ಪತ್ರದ ಹಿಂಬದಿಯಲ್ಲಿ ಬರೆದು, ಔಷಧಿಯನ್ನು ಮಗುವಿನ ಹೆಸರು ಬರೆದ ಲಕೋಟೆಯಲ್ಲಿಟ್ಟು ಅಂದು ಬೆಳಿಗ್ಗೆ ನನ್ನ ಕೈಗೇ ಕೊಡಿ.

ಇದರೊಂದಿಗಿರುವ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಇದೇ ತಿಂಗಳ 25ರೊಳಗೆ ತರಗತಿ ಶಿಕ್ಷಕರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಸಹಿ ಇಲ್ಲದೆ ಯಾವ ಮಗುವನ್ನೂ ಬಸ್ಸಿಗೆ ಹತ್ತಿಸಿಕೊಳ್ಳಲಾಗುವುದಿಲ್ಲ. ಕಳುಹಿಸಲು ಇಷ್ಟವಿಲ್ಲದವರ ಮಕ್ಕಳಿಗೆ ಅಂದು ಶಾಲೆಯಲ್ಲಿ ಇದೇ ನದಿಯ ನಕ್ಷೆಯ ಮೇಲೆ ಅಭ್ಯಾಸವಿರುತ್ತದೆ, ಅಂಕದಲ್ಲಿ ಯಾವ ನಷ್ಟವೂ ಆಗದು. ಏನಾದರೂ ಕೇಳಬೇಕೆನಿಸಿದರೆ ಬರುವ ಬುಧವಾರ ಸಂಜೆ 4ರಿಂದ 5ರವರೆಗೆ ಭೂಗೋಳ ಕೊಠಡಿಯಲ್ಲಿ ಇರುತ್ತೇನೆ. ಅಳತೆಕೋಲು, ಹಗ್ಗ, ದಾಖಲೆಯ ಹಾಳೆಗಳನ್ನೂ ಅಲ್ಲಿ ನೋಡಬಹುದು.

ತಮ್ಮ ವಿಶ್ವಾಸಿ,
ಭೂಗೋಳ ಶಿಕ್ಷಕಿ, ಒಂಬತ್ತನೇ ತರಗತಿ