ಗುರುವಾರಕ್ಕೆ ಮುಂಚೆ ಓದಿಕೊಂಡು ಬರಬೇಕಾದ ಪಾಠ: ಲಸಿಕೆಯ ಕೋಲ್ಡ್ ಚೈನ್

ಬರುವ ಗುರುವಾರ ನೀವು ಪೋಸ್ಟಿಂಗ್‌ಗೆ ಹೋಗುತ್ತೀರಿ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಪಿಎಚ್‌ಸಿಗಳಿಗೆ, ಒಂದೊಂದಕ್ಕೆ ಮೂರು ಜನ. ಎಲ್ಲರಿಗೂ ಇಂಜೆಕ್ಷನ್ ಕೊಡುವ ಆಸೆ ಇರುತ್ತದೆ, ಗೊತ್ತು. ಆದರೆ ಸೂಜಿ ಚುಚ್ಚುವುದು ಅರ್ಧ ನಿಮಿಷದ ಕೆಲಸ. ಅದಕ್ಕೆ ಮುಂಚೆ ಆ ಲಸಿಕೆಯ ವಯಲ್ ಕಂಪನಿಯಿಂದ ಹೊರಟು, ರಾಜ್ಯದ ಉಗ್ರಾಣ, ಜಿಲ್ಲಾ ಉಗ್ರಾಣ ದಾಟಿ, ಪಿಎಚ್‌ಸಿಯಲ್ಲಿ ಕೆಲವು ವಾರ ಕೂತು, ಬೆಳಿಗ್ಗೆ ಯಾರದೋ ಬೈಕಿನ ಹಿಂದೆ, ಲಸಿಕೆ ಒಯ್ಯುವ ಕ್ಯಾರಿಯರ್ ಪೆಟ್ಟಿಗೆಯಲ್ಲಿ ಅಂಗನವಾಡಿಗೆ ಬಂದಿರುತ್ತದೆ. ಈ ದಾರಿಯುದ್ದಕ್ಕೂ ಅದನ್ನು ತಣ್ಣಗೆ ಕಾಪಾಡುವುದೇ ಕೋಲ್ಡ್ ಚೈನ್. ಈ ದಾರಿಯಲ್ಲಿ ಎಲ್ಲಾದರೂ ಒಂದು ಕಡೆ ಅದು ಕೆಟ್ಟಿದ್ದರೆ ನೀವು ಎಷ್ಟು ಚೆನ್ನಾಗಿ ಚುಚ್ಚಿದರೂ ಮಗುವಿಗೆ ರಕ್ಷಣೆ ಸಿಗುವುದಿಲ್ಲ. ಮಗು ಅಳುತ್ತದೆ, ತಾಯಿ ಕಾರ್ಡಿನಲ್ಲಿ ತಾರೀಕು ಬರೆಸಿಕೊಂಡು ನೆಮ್ಮದಿಯಿಂದ ಮನೆಗೆ ಹೋಗುತ್ತಾಳೆ. ಒಳಗೆ ಹೋಗಿದ್ದು ಸುಮ್ನೆ ನೀರು ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಎಷ್ಟು ತಣ್ಣಗಿರಬೇಕು

ಪಿಎಚ್‌ಸಿಯಲ್ಲಿ ಎರಡು ಪೆಟ್ಟಿಗೆ ನೋಡುತ್ತೀರಿ. ಎರಡೂ ಬಿಳಿ, ಎರಡಕ್ಕೂ ಮುಚ್ಚಳ ಮೇಲೆ. ಒಂದು ಐಎಲ್‌ಆರ್, ಅಂದರೆ ಗೋಡೆಯೊಳಗೆ ಮಂಜುಗಡ್ಡೆ ಇರುವ ಫ್ರಿಜ್, ಅದರೊಳಗೆ +2ರಿಂದ +8 ಡಿಗ್ರಿ ಸೆಲ್ಸಿಯಸ್ ಇರಬೇಕು. ಇನ್ನೊಂದು ಡೀಪ್ ಫ್ರೀಜರ್, ಮೈನಸ್ 15ರಿಂದ ಮೈನಸ್ 25. ಪಿಎಚ್‌ಸಿ ಮಟ್ಟದಲ್ಲಿ ಎಲ್ಲ ಲಸಿಕೆಯೂ ಐಎಲ್‌ಆರ್‌ನಲ್ಲೇ ಇರಬೇಕು. ಡೀಪ್ ಫ್ರೀಜರ್ ಇರುವುದು ಐಸ್ ಪ್ಯಾಕ್ ಮಾಡೋಕೆ ಮಾತ್ರ. ಪೋಲಿಯೋ ಹನಿಯನ್ನು ಫ್ರೀಜರ್‌ನಲ್ಲಿ ಇಡುವುದು ಜಿಲ್ಲಾ ಉಗ್ರಾಣದಂಥ ದೊಡ್ಡ ಜಾಗಗಳಲ್ಲಿ.

ಐಎಲ್‌ಆರ್‌ನಲ್ಲಿ ತಳ ಜಾಸ್ತಿ ತಣ್ಣಗಿರುತ್ತದೆ, ಮೇಲೆ ಬಂದಂತೆ ಕಡಿಮೆ. ಜೋಡಿಸುವ ಕ್ರಮವೂ ಅದಕ್ಕೆ ತಕ್ಕಂತೆ. ಶಾಖಕ್ಕೆ ಹೆದರುವ ಪೋಲಿಯೋ ಹನಿ, ಎಂಆರ್, ಬಿಸಿಜಿ ಕೆಳಗೆ. ಹೆಪ್ಪುಗಟ್ಟಿದರೆ ಕೆಡುವ ಪೆಂಟಾ, ಹೆಪಟೈಟಿಸ್ ಬಿ, ಡಿಪಿಟಿ, ಟಿಡಿ, ಪಿಸಿವಿ, ಐಪಿವಿ ಮೇಲಿನ ಬುಟ್ಟಿಯಲ್ಲಿ. ಯಾವುದನ್ನೂ ಬುಟ್ಟಿಯಿಲ್ಲದೆ ನೇರ ತಳಕ್ಕೆ ತಾಗಿಸಿ ಇಡಬಾರದು. ಬಿಸಿಜಿ, ಎಂಆರ್ ಕಲಸುವ ಡೈಲ್ಯೂಯೆಂಟ್ ಕೂಡ ಬಳಸುವ ಹಿಂದಿನ ದಿನವೇ ಐಎಲ್‌ಆರ್‌ನಲ್ಲಿ ತಣ್ಣಗಾಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಬೆಚ್ಚಗಿನ ಡೈಲ್ಯೂಯೆಂಟ್ ಸುರಿದರೆ ಅಷ್ಟು ದೂರ ಕಾಪಾಡಿಕೊಂಡು ಬಂದ ಲಸಿಕೆ ನಿಮ್ಮ ಕೈಯಲ್ಲೇ ಕೆಡುತ್ತದೆ.

ಐಎಲ್‌ಆರ್‌ನಲ್ಲಿ ಹಾಲು, ನೀರಿನ ಬಾಟಲಿ, ಬೇರೆ ಔಷಧಿ, ಯಾರದೋ ಮನೆಯ ಇನ್ಸುಲಿನ್, ಏನೂ ಇರಬಾರದು. ಕಂಡರೆ ಅಲ್ಲಿನ ಸಿಸ್ಟರ್‌ಗೆ ಮರ್ಯಾದೆಯಿಂದಲೇ ಹೇಳಿ.

ಬಿಸಿಲಿಗಿಂತ ಮಂಜುಗಡ್ಡೆಗೆ ಹೆದರಿ

ಈ ಪಾಠದಲ್ಲಿ ಒಂದೇ ವಿಷಯ ನೆನಪಿಡುತ್ತೀರಿ ಅಂದರೆ ಇದನ್ನು ನೆನಪಿಡಿ. ಕೋಲ್ಡ್ ಚೈನ್ ಅಂದ ಕೂಡಲೇ ಎಲ್ಲರ ತಲೆಯಲ್ಲಿ ಬರುವುದು ಕರೆಂಟ್ ಹೋಯಿತು, ಬಿಸಿಯಾಯಿತು, ಕೆಟ್ಟಿತು ಅನ್ನೋದು. ಬಿಸಿಯಾದರೆ ಹೇಳೋಕೆ ವಿವಿಎಂ ಇದೆ. ವಯಲ್ ಮೇಲಿನ ಆ ಸಣ್ಣ ವೃತ್ತ ಮತ್ತು ಅದರೊಳಗಿನ ಚೌಕ. ಚೌಕ ಬೆಳ್ಳಗಿದ್ದರೆ ಸರಿ, ಸ್ವಲ್ಪ ಕಂದಿದ್ದರೂ ವೃತ್ತಕ್ಕಿಂತ ತಿಳಿಯಾಗಿದ್ದರೆ ಸರಿ, ಅಂಥದ್ದನ್ನು ಮೊದಲು ಬಳಸಿ. ಚೌಕದ ಬಣ್ಣ ವೃತ್ತದ ಬಣ್ಣಕ್ಕೆ ಸಮ ಆಯಿತೋ, ಅದಕ್ಕಿಂತ ಗಾಢ ಆಯಿತೋ, ಎಕ್ಸ್‌ಪೈರಿ ಇನ್ನೂ ಒಂದು ವರ್ಷ ಇದ್ದರೂ ಬಳಸಬೇಡಿ.

ಹೆಪ್ಪುಗಟ್ಟಿ ಕೆಟ್ಟಿದ್ದನ್ನು ವಿವಿಎಂ ಹೇಳುವುದಿಲ್ಲ. ಚೌಕ ಹಾಲಿನಷ್ಟು ಬೆಳ್ಳಗಿರುತ್ತದೆ, ಒಳಗಿನ ಲಸಿಕೆ ಸತ್ತಿರುತ್ತದೆ. ಪೆಂಟಾ, ಟಿಡಿ ಇಂಥವುಗಳಲ್ಲಿ ಲಸಿಕೆಯ ಅಂಶ ಅಲ್ಯೂಮಿನಿಯಂ ಲವಣದ ಸಣ್ಣ ಕಣಗಳಿಗೆ ಅಂಟಿಕೊಂಡಿರುತ್ತದೆ. ಹೆಪ್ಪುಗಟ್ಟಿದರೆ ಆ ಕಣಗಳು ಒಂದಕ್ಕೊಂದು ಸೇರಿ ಗಂಟಾಗುತ್ತವೆ. ಆಮೇಲೆ ಕರಗಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ, ಒಡೆದ ಹಾಲು ಮತ್ತೆ ಹಾಲಾಗುವುದಿಲ್ಲವಲ್ಲ, ಹಾಗೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಘಟ್ಟದ ಅಂಚಿನ ಒಂದು ಕೇಂದ್ರದಲ್ಲಿ ನಡೆದಿದ್ದು ಹೇಳುತ್ತೇನೆ. ಆಷಾಢದ ಮಳೆ, ಮರ ಬಿದ್ದು ಒಂದು ದಿನ ಕರೆಂಟ್ ಇರಲಿಲ್ಲ. ಶನಿವಾರ ಸಂಜೆ ಬಂತು. ಲಸಿಕೆ ಬಿಸಿಯಾಗಿರಬಹುದು ಅಂತ ಕಾಳಜಿಯಿಂದಲೇ ಒಬ್ಬರು ಥರ್ಮೋಸ್ಟಾಟ್ ಗುಂಡಿಯನ್ನು ಪೂರ್ತಿ ತಿರುಗಿಸಿಬಿಟ್ಟರು. ಸೋಮವಾರ ಮುಚ್ಚಳ ತೆಗೆದಾಗ ಥರ್ಮಾಮೀಟರ್ ಮೈನಸ್ 3 ತೋರಿಸುತ್ತಿತ್ತು. ಪೆಂಟಾ ವಯಲ್ ಎತ್ತಿ ಅಲ್ಲಾಡಿಸಿದರೆ ಒಳಗೆ ಮೊಸರಿನ ಚೂರಿನಂಥ ಬಿಳಿ ಎಸಳು ತೇಲುತ್ತಿತ್ತು. ಆ ಬುಟ್ಟಿಯ ಅಷ್ಟೂ ಲಸಿಕೆ ಹೋಯಿತು. ನನಗೆ ಇವತ್ತಿಗೂ ಚುಚ್ಚುವುದು ಅದಲ್ಲ. ಲಾಗ್ ಪುಸ್ತಕದಲ್ಲಿ ಭಾನುವಾರ ಬೆಳಿಗ್ಗೆ 4, ಸಂಜೆ 4 ಅಂತ ಬರೆದಿತ್ತು. ಭಾನುವಾರ ಆ ಕೋಣೆಯ ಬೀಗವನ್ನೇ ಯಾರೂ ತೆಗೆದಿರಲಿಲ್ಲ.

ಹಾಗಾಗಿ ಕರೆಂಟ್ ಹೋಗಿ ಬಂದಾಗ ಗುಂಡಿ ಮುಟ್ಟಬೇಡಿ. ಅದು ಕೋಲ್ಡ್ ಚೈನ್ ಟೆಕ್ನಿಷಿಯನ್ ಕೆಲಸ. ಕರೆಂಟ್ ಇಲ್ಲದಾಗ ಮಾಡಬೇಕಾದ್ದು ಒಂದೇ, ಮುಚ್ಚಳ ತೆಗೆಯದೆ ಬಿಡುವುದು. ಐಎಲ್‌ಆರ್ ಗೋಡೆಯ ಒಳಗಿನ ಮಂಜು ತಣ್ಣಗೆ ಹಿಡಿದಿಡುತ್ತದೆ, ದಿನಕ್ಕೆ 8 ಗಂಟೆ ಕರೆಂಟ್ ಸಿಕ್ಕರೂ ಅದು ನಡೆಯುವ ಹಾಗೆ ಮಾಡಿದ್ದಾರೆ. ಮಳೆಗಾಲದಲ್ಲಿ ಅಷ್ಟು ಕರೆಂಟೂ ಸಿಗದಿದ್ದರೆ ಲಸಿಕೆಯನ್ನು ಕೋಲ್ಡ್ ಬಾಕ್ಸ್‌ಗೆ ಹಾಕಿ ಹತ್ತಿರದ ಕೇಂದ್ರಕ್ಕೆ ಸಾಗಿಸಬೇಕು. ಯಾವ ಕೇಂದ್ರಕ್ಕೆ, ಯಾವ ಗಾಡಿಯಲ್ಲಿ, ಯಾರಿಗೆ ಫೋನ್ ಮಾಡಿ ಅನ್ನೋದು ಗೋಡೆಯ ಮೇಲೆ ಬರೆದು ಅಂಟಿಸಿರಬೇಕು.

ಶೇಕ್ ಟೆಸ್ಟ್

ಹೆಪ್ಪುಗಟ್ಟಿರಬಹುದು ಅಂತ ಅನುಮಾನ ಇದ್ದಾಗ ಮಾಡುವುದು. ಗಟ್ಟಿಯಾಗಿ ಮಂಜುಗಡ್ಡೆ ಆಗಿದ್ದು ಕಣ್ಣಿಗೇ ಕಂಡರೆ ಟೆಸ್ಟ್ ಬೇಡ, ಅದನ್ನು ಬಳಸುವಂತಿಲ್ಲ. ಅನುಮಾನದ ವಯಲ್ ಒಂದು ತೆಗೆದುಕೊಳ್ಳಿ. ಅದೇ ಕಂಪನಿಯ, ಅದೇ ಬ್ಯಾಚಿನ ಇನ್ನೊಂದು ವಯಲನ್ನು ಬೇಕೆಂದೇ ರಾತ್ರಿಯಿಡೀ ಫ್ರೀಜರ್‌ನಲ್ಲಿಟ್ಟು ಹೆಪ್ಪುಗಟ್ಟಿಸಿ, 'ಹೆಪ್ಪುಗಟ್ಟಿದ್ದು, ಬಳಸಬೇಡಿ' ಅಂತ ಬರೆದು, ತಾನಾಗಿ ಕರಗೋಕೆ ಬಿಡಿ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದು 10–15 ಸೆಕೆಂಡ್ ಜೋರಾಗಿ ಅಲ್ಲಾಡಿಸಿ, ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ನೋಡುತ್ತಾ ಕೂರಿ, 30 ನಿಮಿಷದವರೆಗೆ. ಹೆಪ್ಪುಗಟ್ಟಿದ್ದರಲ್ಲಿ ಗಸಿ ಬೇಗ ತಳಕ್ಕೆ ಇಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ಅನುಮಾನದ ವಯಲ್ ಅದರಷ್ಟೇ ಬೇಗ ಇಳಿದರೆ ಕೆಟ್ಟಿದೆ. ಅದಕ್ಕಿಂತ ನಿಧಾನವಾಗಿ ಇಳಿದರೆ ಬಳಸಬಹುದು. ಐಪಿವಿಗೆ ಈ ಟೆಸ್ಟ್ ನಡೆಯುವುದಿಲ್ಲ, ಅದರಲ್ಲಿ ಅಲ್ಯೂಮಿನಿಯಂ ಇಲ್ಲ, ಅಲ್ಲಾಡಿಸಿದರೂ ತಿಳಿಯಾಗೇ ಇರುತ್ತದೆ.

ಐಸ್ ಪ್ಯಾಕ್ ಬೆವರಬೇಕು

ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಕ್ಯಾರಿಯರ್‌ಗೆ ಹಾಕಿದರೆ ಪಕ್ಕದ ಪೆಂಟಾ ವಯಲ್ ಅಂಗನವಾಡಿ ತಲುಪುವ ಮೊದಲೇ ಹೆಪ್ಪುಗಟ್ಟಬಹುದು. ಅದಕ್ಕೇ ಕಂಡೀಷನಿಂಗ್. ಪ್ಯಾಕ್‌ಗಳನ್ನು ಮೇಜಿನ ಮೇಲೆ ಸಾಲಾಗಿ ಬಿಡಿಬಿಡಿಯಾಗಿ ಇಡಿ. ಮೊದಲು ಮೇಲೆ ಬಿಳಿ ಇಬ್ಬನಿ ಕಟ್ಟಿರುತ್ತದೆ, ಆಮೇಲೆ ಬೆವರುತ್ತದೆ. ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ಕುಲುಕಿದ ಸದ್ದು, ಮಂಜುಗಡ್ಡೆ ಅತ್ತಿಂದಿತ್ತ ಜಾರಿದ ಸದ್ದು ಕೇಳಿದರೆ ಆಗ ಅದು ತಯಾರು.

ಎಷ್ಟು ಹೊತ್ತು ಅಂತ ಪರೀಕ್ಷೆಯಲ್ಲಿ ಕೇಳುತ್ತಾರೆ, ಆದರೆ ಉತ್ತರ ಗಡಿಯಾರದಲ್ಲಿಲ್ಲ, ಕಿವಿಯಲ್ಲಿದೆ. ಬಯಲುಸೀಮೆಯ ಏಪ್ರಿಲ್ ಸೆಕೆಯಲ್ಲಿ ಬೇಗ ಬೆವರುವ ಪ್ಯಾಕ್, ಆಗುಂಬೆ ಕಡೆ ಜುಲೈ ಬೆಳಿಗ್ಗೆ, ಕೋಣೆಯೇ 20 ಡಿಗ್ರಿ ಇರುವಾಗ, ಒಂದು ಗಂಟೆ ಕಳೆದರೂ ಕಲ್ಲಿನ ಹಾಗೇ ಇರಬಹುದು. ಮಲೆನಾಡಿನಲ್ಲಿ ಕೆಲಸ ಮಾಡುವವರು ಮಳೆಗಾಲದಲ್ಲಿ ಬೇಗ ಬಂದು ಪ್ಯಾಕ್ ಹೊರಗಿಡಬೇಕು, ಬೇರೆ ದಾರಿ ಇಲ್ಲ.

ಕ್ಯಾರಿಯರ್‌ಗೆ 4 ಪ್ಯಾಕ್, ನಾಲ್ಕು ಗೋಡೆಗೆ ಒಂದೊಂದು. ವಯಲ್‌ಗಳು ಜಿಪ್ ಕವರ್ ಒಳಗಿರಲಿ, ಇಲ್ಲದಿದ್ದರೆ ಬೆವರಿನ ನೀರಿಗೆ ಲೇಬಲ್ ಕಿತ್ತು ಬರುತ್ತದೆ, ಲೇಬಲ್ ಇಲ್ಲದ ವಯಲ್ ಬಳಸುವಂತಿಲ್ಲ. ಪ್ಯಾಕ್‌ಗೆ ಗುರುತಿನ ಗೆರೆವರೆಗೆ ಬರೀ ನೀರು ತುಂಬಿ, ಉಪ್ಪು ಹಾಕಬಾರದು.

ಥರ್ಮಾಮೀಟರ್ ಮತ್ತು ಲಾಗ್ ಪುಸ್ತಕ

ದಿನಕ್ಕೆ ಎರಡು ಸಲ, ಬೆಳಿಗ್ಗೆ ಮತ್ತು ಸಂಜೆ, ಭಾನುವಾರ ಮತ್ತು ಹಬ್ಬದ ದಿನವೂ. ಥರ್ಮಾಮೀಟರನ್ನು ಲಸಿಕೆಗಳ ನಡುವೆ ಇಡಿ, ಕೈಗೆ ಎತ್ತಿಕೊಳ್ಳದೆ ಇದ್ದಲ್ಲೇ ಬಗ್ಗಿ ಓದಿ. ಎತ್ತಿದರೆ ನಿಮ್ಮ ಬೆರಳಿನ ಬಿಸಿಯನ್ನೂ ಸೇರಿಸಿ ಓದಿದ ಹಾಗಾಗುತ್ತದೆ. ಲಸಿಕೆ ದಾಸ್ತಾನು, ತಾಪಮಾನದ ಮೇಲೆ ಆನ್‌ಲೈನ್‌ನಲ್ಲಿ ಕಣ್ಣಿಡುವ ಇವಿನ್ ವ್ಯವಸ್ಥೆ ಬಂದ ಮೇಲೆ ಐಎಲ್‌ಆರ್ ಒಳಗೆ ಲಾಗರ್ ಕೂರಿಸಿದ್ದಾರೆ, ತಾಪಮಾನ ತಪ್ಪಿದರೆ ಫೋನಿಗೆ ಮೆಸೇಜ್ ಬರುತ್ತದೆ. ಒಳ್ಳೆಯದೇ. ಆದರೆ ನಮ್ಮ ಕಡೆ ಒಂದು ತಿರುವು ದಾಟಿದರೆ ನೆಟ್‌ವರ್ಕ್ ಇರುವುದಿಲ್ಲ ಅಲ್ವಾ? ಪುಸ್ತಕ ಮತ್ತು ಕಣ್ಣು ಎರಡೂ ಬೇಕು.

9 ಕಂಡರೆ 9 ಬರೆಯಿರಿ, 1 ಕಂಡರೆ 1. ನೋಡದಿದ್ದರೆ ಖಾಲಿ ಬಿಡಿ. ಖಾಲಿ ಮನೆ ನೋಡಿ ಮುಂದಿನವರು ಎಚ್ಚರ ಆಗುತ್ತಾರೆ, ಸುಳ್ಳು 4 ನೋಡಿ ನೆಮ್ಮದಿಯಾಗಿ ಲಸಿಕೆ ಕೊಡುತ್ತಾರೆ. ತಾಪಮಾನ ತಪ್ಪಿದ ಲಸಿಕೆಯನ್ನು ಗಾಬರಿಯಲ್ಲಿ ಎಸೆಯಬೇಡಿ. ಬೇರೆ ಮಾಡಿ, ಚೀಟಿ ಅಂಟಿಸಿ, ತಣ್ಣಗೆ ಇಟ್ಟುಕೊಂಡೇ ವೈದ್ಯಾಧಿಕಾರಿಗೆ ಹೇಳಿ.

ಪೋಲು

ತೆರೆಯದ ವಯಲ್ ಹಾಳಾದರೆ (ಹೆಪ್ಪುಗಟ್ಟಿ, ಬಿಸಿಯಾಗಿ, ಎಕ್ಸ್‌ಪೈರಿ ಆಗಿ, ಒಡೆದು) ಅದು ನಮ್ಮ ತಪ್ಪು. ತೆರೆದ ವಯಲ್‌ನಲ್ಲಿ ಉಳಿದಿದ್ದು ಬೇರೆ ಲೆಕ್ಕ. ಪೋಲೆಷ್ಟು ಅಂತ ನೋಡೋಕೆ, ಬಳಸಿದ ಡೋಸ್‌ನಿಂದ ಕೊಟ್ಟ ಡೋಸ್ ಕಳೆದು, ಬಂದಿದ್ದನ್ನು ಬಳಸಿದ ಡೋಸ್‌ನಿಂದ ಭಾಗಿಸಿ ನೂರರಿಂದ ಗುಣಿಸಿ. 10 ಡೋಸಿನ ಬಿಸಿಜಿ ವಯಲ್ 4 ತೆರೆದು 22 ಮಕ್ಕಳಿಗೆ ಕೊಟ್ಟರೆ 40ರಲ್ಲಿ 18 ಉಳಿಯಿತು, ಪೋಲು ಶೇ. 45. ಬೇಡಿಕೆ ಬರೆಯುವಾಗ ಪೋಲಿಗೆ ತಕ್ಕಂತೆ ಗುಣಿಸಬೇಕು: ನೂರನ್ನು, ನೂರರಲ್ಲಿ ಪೋಲು ಕಳೆದ ಸಂಖ್ಯೆಯಿಂದ ಭಾಗಿಸಿ. ಪೋಲು ಶೇ. 10 ಇದ್ದರೆ 1.11, ಶೇ. 50 ಇದ್ದರೆ 2. ತಿಂಗಳಿಗೆ 12 ಮಕ್ಕಳು, ಒಬ್ಬೊಬ್ಬರಿಗೆ 3 ಡೋಸ್ ಪೆಂಟಾ, 36 ಡೋಸ್. 1.11ರಿಂದ ಗುಣಿಸಿದರೆ ಸುಮಾರು 40, ಅಂದರೆ 10 ಡೋಸಿನ 4 ವಯಲ್.

ಪೆಂಟಾ, ಟಿಡಿ, ಡಿಪಿಟಿ, ಹೆಪಟೈಟಿಸ್ ಬಿ, ಪೋಲಿಯೋ ಹನಿ, ಐಪಿವಿ, ಪಿಸಿವಿ ತೆರೆದ ಮೇಲೂ 28 ದಿನದವರೆಗೆ ಬಳಸಬಹುದು. ತೆರೆದ ತಾರೀಕು, ಸಮಯ ಲೇಬಲ್ ಮೇಲೆ ಬರೆದಿರಬೇಕು, ಎಕ್ಸ್‌ಪೈರಿ ಮತ್ತು ವಿವಿಎಂ ಸರಿ ಇರಬೇಕು, ತಣ್ಣಗಿಟ್ಟಿರಬೇಕು, ರಬ್ಬರ್ ಮುಚ್ಚಳ ನೀರಲ್ಲಿ ಮುಳುಗಿರಬಾರದು. ಬಿಸಿಜಿ ಮತ್ತು ಎಂಆರ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಕಲಸಿದ ಸಮಯ ಬರೆಯಿರಿ, 4 ಗಂಟೆ ಆದಮೇಲೆ ಒಂದು ಹನಿಯೂ ಬಳಸಬೇಡಿ. ಅದರಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದನ್ನು ತಡೆಯುವ ವಸ್ತು ಇರುವುದಿಲ್ಲ, ಸ್ಟೆಫಿಲೊಕಾಕಸ್ ಸೇರಿದರೆ ಟಾಕ್ಸಿಕ್ ಶಾಕ್ ಆಗಿ ಕೆಲವೇ ಗಂಟೆಗಳಲ್ಲಿ ಮಗು ಸಾಯಬಹುದು.

ಪೋಲು ಕಡಿಮೆ ತೋರಿಸಬೇಕು ಅಂತ "ಮುಂದಿನ ವಾರ ಬನ್ನಿ, ಇವತ್ತು ಮಕ್ಕಳು ಕಡಿಮೆ" ಅನ್ನುವುದನ್ನು ಕೇಳುತ್ತೀರಿ. ಅದನ್ನು ಕಲಿಯಬೇಡಿ. ಹಿನ್ನೀರಿನ ಆಚೆಯಿಂದ ಮಗು ಎತ್ತಿಕೊಂಡು, ಕೂಲಿ ಬಿಟ್ಟು ಬಂದ ತಾಯಿ ಮುಂದಿನ ವಾರ ಬರುತ್ತಾಳೆ ಅನ್ನೋದು ಖಾತ್ರಿ ಇಲ್ಲ. ಒಂದೇ ಮಗು ಬಂದರೂ ವಯಲ್ ತೆರೆಯಿರಿ, ಉಳಿದ ಒಂಬತ್ತು ಡೋಸ್ ಹೋಗಲಿ. ಪೋಲು ತಗ್ಗಿಸಬೇಕಾದ್ದು ಆಶಾ ಅಕ್ಕಂದಿರ ಜೊತೆ ಕೂತು ಪಟ್ಟಿ ಮಾಡಿ, ಹಿಂದಿನ ದಿನ ಮನೆಮನೆಗೆ ಹೇಳಿಸಿ, ಮಕ್ಕಳನ್ನು ಒಟ್ಟಿಗೆ ಕರೆಸುವುದರಿಂದ.

ಶುಕ್ರವಾರ ತರಬೇಕಾದ್ದು

ನೀವು ಹೋದ ಕೇಂದ್ರದ ಲಾಗ್ ಪುಸ್ತಕದಿಂದ ಹಿಂದಿನ 14 ದಿನದ ತಾಪಮಾನ, ಇದ್ದದ್ದು ಇದ್ದ ಹಾಗೆ, ಖಾಲಿ ಮನೆ ಖಾಲಿಯಾಗಿಯೇ. ಗುರುವಾರ ಬೆಳಿಗ್ಗೆ ಐಸ್ ಪ್ಯಾಕ್ ಹೊರಗಿಟ್ಟಿದ್ದು ಎಷ್ಟಕ್ಕೆ, ನೀರಿನ ಸದ್ದು ಕೇಳಿದ್ದು ಎಷ್ಟಕ್ಕೆ, ಆಗ ಕೋಣೆ ಎಷ್ಟು ಡಿಗ್ರಿ. ಜೊತೆಗೆ ಈ ಲೆಕ್ಕ: 5 ಡೋಸಿನ ಎಂಆರ್ ವಯಲ್ 6 ತೆರೆದಿದ್ದಾರೆ, 21 ಮಕ್ಕಳಿಗೆ ಕೊಟ್ಟಿದ್ದಾರೆ, 10 ಗಂಟೆಗೆ ಕಲಸಿದ ಕೊನೆಯ ವಯಲ್‌ನಲ್ಲಿ ಎರಡು ಡೋಸ್ ಇದೆ, ಮಧ್ಯಾಹ್ನ ಎರಡೂವರೆಗೆ ಒಬ್ಬ ತಾಯಿ ಮಗು ಕರೆದುಕೊಂಡು ಬಂದಿದ್ದಾಳೆ. ಏನು ಮಾಡುತ್ತೀರಿ, ಆಮೇಲೆ ಪೋಲು ಎಷ್ಟು?