ಆಸ್ಪತ್ರೆಯ ಪ್ರಚಾರಕ್ಕೆ ಗೆರೆ ಯಾಕೆ ಬೇಕು

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಎದುರಿನ ಫ್ಲೆಕ್ಸಿನಲ್ಲಿ ಗುರುತಿನ ಮುಖ. ನಮ್ಮ ನೆರೆಮನೆಯ ದೊಡ್ಡಮ್ಮ! ಬೀಡಿ ಕಟ್ಟಿ ಮೂರು ಮಕ್ಕಳನ್ನು ಓದಿಸಿದವರು. ಆರು ತಿಂಗಳ ಹಿಂದೆ ಮೊಣಗಂಟಿನ ಆಪರೇಷನ್ ಆಗಿತ್ತು. ಫೋಟೋದ ಕೆಳಗೆ ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಈಗ ನನಗೆ ನೋವೇ ಇಲ್ಲ!’

ಅವತ್ತು ಸಂಜೆ ಅವರ ಮನೆಗೆ ಹೋದೆ. ಅವರು ಜಗಲಿಯ ಮೆಟ್ಟಿಲು ಇಳಿಯುವಾಗ ಇನ್ನೂ ಗೋಡೆ ಹಿಡಿದೇ ಇಳಿಯುತ್ತಾರೆ. ಫ್ಲೆಕ್ಸಿನ ವಿಷಯ ಅವರಿಗೆ ಆಗಲೇ ಮುಟ್ಟಿತ್ತು.

“ಸೇರಿಸುವಾಗ ಒಂದಷ್ಟು ಕಾಗದಕ್ಕೆ ಸೈನ್ ಹಾಕಿಸಿಕೊಂಡರು ಮಗಾ. ಎಲ್ಲ ಮಲಯಾಳದಲ್ಲಿ ಇತ್ತು. ನಾನು ಓದಿದ್ದು ಕನ್ನಡ ಶಾಲೆ, ಅದೂ ನಾಲ್ಕನೇ ಕ್ಲಾಸು. ಫೋಟೋ ಹಾಕ್ತಾರೆ ಅಂತ ಯಾರೂ ಹೇಳಲಿಲ್ಲ. ಈಗ ಎಲ್ಲರೂ ಎಷ್ಟು ದುಡ್ಡು ಕೊಟ್ಟರು ಅಂತ ಕೇಳ್ತಾರೆ. ಅದು ಹೋಗಲಿ. ಆಚೆಮನೆಯವಳು ನನ್ನನ್ನು ನೋಡಿ ತಾನೂ ಆಪರೇಷನ್ ಮಾಡಿಸ್ತೇನೆ ಅಂತಿದ್ದಾಳೆ. ಅವಳಿಗೆ ಹೆಚ್ಚುಕಮ್ಮಿ ಆದರೆ ನಾನು ಏನು ಹೇಳಲಿ?”

ನಾನು ಒಂಬತ್ತು ವರ್ಷದಿಂದ ಒಂದು ಸಣ್ಣ ಆಸ್ಪತ್ರೆಯ ಪ್ರಚಾರದ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಆ ಫ್ಲೆಕ್ಸ್ ನಮ್ಮದಲ್ಲ. ಆದರೆ ದೊಡ್ಡಮ್ಮನ ಆ ಕೊನೆಯ ಪ್ರಶ್ನೆಯೇ ನನ್ನ ಕೆಲಸದ ಮುಖ್ಯ ಪ್ರಶ್ನೆ ಅಂತ ನನಗೆ ಅನ್ನಿಸುತ್ತದೆ.

ಮಿಕ್ಸಿ ಕೊಳ್ಳುವಾಗ ನಾಲ್ಕು ಅಂಗಡಿ ಸುತ್ತುತ್ತೇವೆ, ದರ ಕೇಳುತ್ತೇವೆ. ಕೆಟ್ಟುಹೋದರೆ ವಾಪಸ್ ಕೊಡುತ್ತೇವೆ. ಅದು ಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಾವೇ. ಆಪರೇಷನ್ ಹಾಗಲ್ಲ. ಬೇಕು ಎಂದು ಹೇಳುವವರೂ ಡಾಕ್ಟರ್, ಮಾಡುವವರೂ ಡಾಕ್ಟರ್, ಬಿಲ್ ಕೊಡುವುದೂ ಅದೇ ಆಸ್ಪತ್ರೆ. ಆದ ಮೇಲೂ ಅದು ಸರಿಯಾಗಿತ್ತೋ ಇಲ್ಲವೋ ಎಂದು ಅಳೆಯಲು ರೋಗಿಯ ಕೈಯಲ್ಲಿ ಏನೂ ಇಲ್ಲ. ಜೊತೆಗೆ ನೋವು ಇದೆ, ಹೆದರಿಕೆ ಇದೆ. ಎಷ್ಟೋ ಸಲ ಸೊಸೈಟಿಯಲ್ಲಿ ಚಿನ್ನ ಅಡವಿಟ್ಟ ದುಡ್ಡು ಇದೆ. ಇಂಥವರ ಮುಂದೆ ಮಿಕ್ಸಿ ಮಾರುವ ಭಾಷೆಯಲ್ಲಿ ಮಾತಾಡುವುದು ತಪ್ಪು. ಅವರ ನಂಬಿಕೆ ನಮಗೆ ಮೊದಲೇ ಸಿಕ್ಕಿರುತ್ತದೆ. ಅದನ್ನು ಇನ್ನಷ್ಟು ಎಳೆದು ದುಡ್ಡು ಮಾಡಬಾರದು.

‘ಬೇರೆ ಆಸ್ಪತ್ರೆಗೆ ಹೋಗಬಹುದಲ್ಲ, ಆಯ್ಕೆ ಇದೆಯಲ್ಲ’ ಎಂದು ಕೆಲವರು ಹೇಳುತ್ತಾರೆ. ನಮ್ಮ ಜಿಲ್ಲೆಯವರಿಗೆ ಆ ಮಾತು ಹೇಳಬೇಡಿ. 2020ರ ಮಾರ್ಚ್ ಕೊನೆಯಲ್ಲಿ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರನ್ನೇ ನಂಬಿದ್ದ ರೋಗಿಗಳು ದಾರಿಯಲ್ಲೇ ಸಿಕ್ಕಿಬಿದ್ದರು, ಚಿಕಿತ್ಸೆ ಸಿಗದೆ ಕೆಲವರ ಜೀವ ಹೋಯಿತು. ಮಂಜೇಶ್ವರದಿಂದ ಕಾಸರಗೋಡಿನವರೆಗೆ ಇರುವವರಿಗೆ ಆಯ್ಕೆ ಅಂದರೆ ಯಾವುದು ಹತ್ತಿರ, ಯಾವ ಗಾಡಿ ಸಿಗುತ್ತದೆ, ಅಷ್ಟೇ. ಹೆದ್ದಾರಿಯ ಫ್ಲೆಕ್ಸುಗಳು ಅಂಥ ಜನರ ಜೊತೆ ಮಾತಾಡುತ್ತಿವೆ.

ಕಾನೂನು ಏನು ಹೇಳುತ್ತದೆ? ವೈದ್ಯರ ನಡತೆಗೆ 2002ರ ನಿಯಮಾವಳಿ ಇದೆ. ವೈದ್ಯರು ನೇರವಾಗಿ ಆಗಲಿ, ಬಳಸಿ ಆಗಲಿ, ರೋಗಿಗಳನ್ನು ತಮ್ಮತ್ತ ಕರೆಯುವಂತಿಲ್ಲ. ಒಬ್ಬರೇ ಮಾಡಿದರೂ ಗುಂಪಾಗಿ ಅಥವಾ ಸಂಸ್ಥೆಯಾಗಿ ಮಾಡಿದರೂ ಅದು ನಡತೆಗೆ ವಿರುದ್ಧ. ಪತ್ರಿಕೆಯಲ್ಲಿ ಹಾಕಬಹುದಾದ್ದು ಕೆಲವೇ ವಿಷಯ: ಹೊಸದಾಗಿ ಶುರು ಮಾಡಿದ್ದು, ವಿಳಾಸ ಬದಲಾಗಿದ್ದು, ಸ್ವಲ್ಪ ದಿನ ಇರುವುದಿಲ್ಲ, ಮತ್ತೆ ಬಂದಿದ್ದೇನೆ, ಫೀಸು ಇಷ್ಟು, ಹೀಗೆ. ಬೋರ್ಡು ಅತಿ ದೊಡ್ಡದಾಗಿರಬಾರದು. ಅದರಲ್ಲಿ ಹೆಸರು, ಓದು, ವಿಶೇಷ ವಿಭಾಗ, ನೋಂದಣಿ ಸಂಖ್ಯೆಯಂಥವು ಸಾಕು. ಮೆಡಿಕಲ್ ಶಾಪಿನ ಮೇಲೆ ಡಾಕ್ಟರ ಬೋರ್ಡು ಹಾಕುವುದೂ ಸರಿಯಲ್ಲ. ರೋಗಿ ಯಾರೆಂದು ಗೊತ್ತಾಗುವ ಫೋಟೋವನ್ನು ಅನುಮತಿ ಇಲ್ಲದೆ ಪ್ರಕಟಿಸುವಂತಿಲ್ಲ. 2023ರ ಆಗಸ್ಟಿನಲ್ಲಿ ಸೋಶಿಯಲ್ ಮೀಡಿಯಾಕ್ಕೂ ಸೂಚನೆ ಇದ್ದ ಹೊಸ ನಿಯಮ ಬಂತು. ಅದೇ ತಿಂಗಳು ಅದನ್ನು ತಡೆಹಿಡಿದು ಹಳೆಯದನ್ನೇ ಮುಂದುವರಿಸಿದರು.

ಇಲ್ಲಿ ಒಂದು ಸಡಿಲು ಜಾಗವಿದೆ. ಆ ನಿಯಮದ ಶಿಕ್ಷೆ ಬೀಳುವುದು ನೋಂದಾಯಿತ ವೈದ್ಯರ ಮೇಲೆ. ಆಸ್ಪತ್ರೆಯ ಮಾರ್ಕೆಟಿಂಗ್ ವಿಭಾಗದವನು, ಅಂದರೆ ನನ್ನಂಥವನು, ಡಾಕ್ಟರ್ ಅಲ್ಲ. ‘ನಾವು ಸಂಸ್ಥೆಯ ಹೆಸರಿನಲ್ಲಿ ಹಾಕಿದ್ದು’ ಎಂದು ಸುಮ್ನೆ ಜಾರಿಕೊಳ್ಳಬಹುದು. ಆದರೆ ಬೇರೆ ಕಾನೂನುಗಳು ಬಿಡುವುದಿಲ್ಲ. ದುಡ್ಡು ತೆಗೆದುಕೊಂಡು ಕೊಡುವ ಚಿಕಿತ್ಸೆಯೂ ಗ್ರಾಹಕ ಕಾನೂನಿನೊಳಗೆ ಬರುವ ಸೇವೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡ ಹಾಕಬಹುದು. ಸಕ್ಕರೆ ಕಾಯಿಲೆ, ಕ್ಯಾನ್ಸರ್‌ನಂಥವುಗಳಿಗೆ ಔಷಧ ಇದೆ, ಗುಣ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುತ್ತೇವೆ ಎಂಬ ಜಾಹೀರಾತಿಗೆ 1994ರ ಕಾಯ್ದೆಯಲ್ಲಿ ಜೈಲೇ ಇದೆ.

ಕಾನೂನು ಬಿಡಿ, ‘100% ಗುಣ’ ಎಂಬ ಮಾತನ್ನು ಯಾವ ಡಾಕ್ಟರ್ ಬಾಯಲ್ಲಿ ಕೇಳಿದ್ದೀರಿ? ಒಳ್ಳೆಯ ಡಾಕ್ಟರ್ ಯಾವತ್ತೂ ‘ನೋಡೋಣ’ ಎನ್ನುತ್ತಾರೆ. ಒಂದೇ ಆಪರೇಷನ್, ಇಬ್ಬರ ದೇಹ ಎರಡು ರೀತಿ ಒಪ್ಪಿಕೊಳ್ಳುತ್ತದೆ. ಡಾಕ್ಟರ್ ಕೋಣೆಯೊಳಗೆ ಹೇಳದ ಮಾತನ್ನು ನಾವು ಫ್ಲೆಕ್ಸಿನಲ್ಲಿ ಹೇಗೆ ಹೇಳುವುದು? ಗುಣವಾದವರ ಮಾತು ಹಾಕುವುದರಲ್ಲೂ ಇದೇ ತೊಂದರೆ. ಗುಣವಾದ ಒಬ್ಬರು ಬೋರ್ಡಿನಲ್ಲಿ ನಗುತ್ತಾರೆ. ಆಗದವರ ಫೋಟೋ ಯಾರೂ ಹಾಕುವುದಿಲ್ಲ ಅಲ್ವಾ?

ಕಮಿಷನ್ ಬಗ್ಗೆಯೂ ಹೇಳಲೇಬೇಕು. ರೋಗಿಯನ್ನು ಕಳಿಸಿದ್ದಕ್ಕೆ ಡಾಕ್ಟರು ದುಡ್ಡು ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಅದೇ 2002ರ ನಿಯಮ ನಿಷೇಧಿಸಿದೆ. ಆ ದುಡ್ಡು ಕೊನೆಗೆ ಸೇರುವುದು ರೋಗಿಯ ಬಿಲ್ಲಿಗೆ. ಎಲ್ಲಿಗೆ ಹೋಗಬೇಕು ಎಂಬ ಸಲಹೆಯನ್ನೇ ಅದು ಹಾಳು ಮಾಡುತ್ತದೆ. ಪ್ರಚಾರದ ಬಜೆಟ್ಟಿನಲ್ಲಿ ಅದಕ್ಕೆ ಬೇರೆ ಹೆಸರಿಟ್ಟರೂ ಅದು ಕಮಿಷನ್ನೇ.

ಉಚಿತ ಶಿಬಿರಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಮೆದು. ಶಾಲೆಯ ಹಾಲಿನಲ್ಲಿ ಬಿಪಿ, ಶುಗರ್ ನೋಡುವುದು ಒಳ್ಳೆಯದೇ. ಆದರೆ ಚೀಟಿಯಲ್ಲಿ ನಮ್ಮ ಆಸ್ಪತ್ರೆಯ ಹೆಸರು ಮಾತ್ರ ಇದ್ದರೆ ಅದು ಬಲೆ. ನಾವು ಚೀಟಿಯಲ್ಲಿ ರೀಡಿಂಗ್ ಬರೆದು, ‘ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ನಿಮ್ಮ ಡಾಕ್ಟರ ಹತ್ತಿರ ತೋರಿಸಿ’ ಎಂದು ಅಚ್ಚು ಹಾಕಿಸಿದ್ದೇವೆ. ಮೊದಲ ವರ್ಷ ಮ್ಯಾನೇಜರಿಗೆ ಇದು ಇಷ್ಟ ಆಗಿರಲಿಲ್ಲ.

ಹಾಗಾದರೆ ನಮ್ಮ ಕೆಲಸ ಏನು ಉಳಿಯಿತು ಎಂದು ಹೊಸಬರು ಕೇಳುತ್ತಾರೆ. ತುಂಬಾ ಉಳಿದಿದೆ. ಬೆಳಿಗ್ಗೆ ಏಳಕ್ಕೆ ನಾನು ವಾಟ್ಸಾಪಿನಲ್ಲಿ ಒಂದು ಸಾಲು ಹಾಕುತ್ತೇನೆ: ‘ಇವತ್ತು ಮಕ್ಕಳ ಡಾಕ್ಟರ್ ಇರುವುದಿಲ್ಲ, ನಾಳೆ ಒಂಬತ್ತಕ್ಕೆ ಬರುತ್ತಾರೆ.’ ಕನ್ನಡದಲ್ಲಿ, ಮಲಯಾಳದಲ್ಲಿ. ನಾವು ಕಳಿಸಿದ್ದರಲ್ಲಿ ಜನ ಜಾಸ್ತಿ ಫಾರ್ವರ್ಡ್ ಮಾಡುವುದು ಇದನ್ನೇ. ಬಾಯಾರಿನಿಂದ ಮಗುವನ್ನು ಎತ್ತಿಕೊಂಡು ಬರುವ ತಾಯಿಗೆ ಒಂದು ಬಸ್ಸಿನ ಖರ್ಚು, ಒಂದು ದಿನದ ಕೂಲಿ ಉಳಿಯುತ್ತದೆ. ಫೀಸಿನ ಪಟ್ಟಿ ಬಾಗಿಲಲ್ಲೇ ಇದೆ. ಸ್ಕ್ಯಾನಿಂಗ್ ನಮ್ಮಲ್ಲಿ ಇಲ್ಲ ಎಂಬುದನ್ನೂ ಅದರಲ್ಲೇ ಬರೆದಿದ್ದೇವೆ.

ದೊಡ್ಡಮ್ಮನ ವಿಷಯದಲ್ಲಿ ಅವರ ಮಗ ಆ ಆಸ್ಪತ್ರೆಗೆ ಹೋಗಿ ಮಾತಾಡಿದ. ವಾರದೊಳಗೆ ಫ್ಲೆಕ್ಸ್ ಇಳಿಸಿದರು. ನಾನು ನಮ್ಮ ಆಸ್ಪತ್ರೆಯ ಕಾಗದಗಳನ್ನು ತೆಗೆದು ನೋಡಿದೆ. ನಮ್ಮಲ್ಲೂ ಫೋಟೋದ ಒಪ್ಪಿಗೆ ದಾಖಲಾತಿಯ ಕಾಗದದ ಹತ್ತನೇ ಸಾಲಿನಲ್ಲಿ ಇತ್ತು, ಮಲಯಾಳದಲ್ಲಿ ಮಾತ್ರ. ಈಗ ಅದನ್ನು ಬೇರೆ ಹಾಳೆ ಮಾಡಿದ್ದೇವೆ. ಕನ್ನಡದಲ್ಲೂ ಇದೆ. ರೋಗಿ ಮನೆಗೆ ಹೋಗಿ ಹದಿನೈದು ದಿನ ಆದ ಮೇಲೆ ಮಾತ್ರ ಕೇಳುತ್ತೇವೆ, ಓದಿ ಹೇಳಿ ಸೈನ್ ಹಾಕಿಸುತ್ತೇವೆ. ಇದುವರೆಗೆ ಹೆಚ್ಚಿನವರು ಬೇಡ ಎಂದಿದ್ದಾರೆ.

ಇಳಿಸಿದ ಫ್ಲೆಕ್ಸನ್ನು ಮಗ ಮನೆಗೆ ತಂದಿದ್ದ. ಮಳೆಗಾಲಕ್ಕೆ ಕಟ್ಟಿಗೆ ರಾಶಿಗೆ ಹೊದಿಸಿದ್ದಾರೆ, ಮುಖ ಇರುವ ಬದಿ ಒಳಗೆ ಮಾಡಿ.