ಅಜ್ಜಿಯ ಸೀರೆ, ತಮ್ಮನ ಶೂ: ನಮ್ಮ ಮನೆಯ ಬಿಸು ಚಿತ್ರಗಳು

ಮುಖಚಿತ್ರ, ಜಗಲಿಯ ಕಂಬಕ್ಕೆ ಒರಗಿ

ಬೆಂಗಳೂರಿನ ಗೆಳತಿಯರು ಯುಗಾದಿಯ ಹೋಳಿಗೆ ತಿಂದು, ಚಿತ್ರ ಹಾಕಿ, ಬಂದ ಲೈಕುಗಳನ್ನು ಎಣಿಸಿ ಮುಗಿಸಿದ ಮೇಲೆ ನಮ್ಮ ಹೊಸ ವರ್ಷ ಬಿಸು ಬರುತ್ತದೆ. ಸೂರ್ಯ ಮೇಷ ರಾಶಿಗೆ ಕಾಲಿಡುವ ತನಕ ಕಾಸರಗೋಡಿನ ಕುಂಬಳೆಯ ನಮ್ಮ ಮನೆಯಲ್ಲಿ ಕಪಾಟಿನ ಬೀಗ ತೆರೆಯುವುದಿಲ್ಲ. ತಡವಾಗಿಯೇ ಬಂದೆವು, ಆದರೆ ಗತ್ತಿನಿಂದಲೇ ಬಂದೆವು.

ಉಟ್ಟಿರುವುದು ಕಾಸರಗೋಡು ಸೀರೆ. ಅಪ್ಪಟ ಹತ್ತಿ, ಕೈಮಗ್ಗದ ನೇಯ್ಗೆ, ಅರಿಶಿನದ ಮೈಯಲ್ಲಿ ಕುಂಕುಮ ಬಣ್ಣದ ಚೌಕಳಿ. ಕಾಂಜೀವರಂಗೆ ಇರುವ ಜಿಐ ಮಾನ್ಯತೆ ಇದಕ್ಕೂ ಇದೆ, ಜಂಬ ಮಾತ್ರ ಇಲ್ಲ. ಆ ಕೊರತೆಯನ್ನು ಈ ಚಿತ್ರದಲ್ಲಿ ನಾನು ತುಂಬಿದ್ದೇನೆ.

ಎರಡನೆಯದು, ಸೆರಗಿನ ಹತ್ತಿರದ ನೋಟ

ದಯವಿಟ್ಟು ಚಿತ್ರವನ್ನು ಹಿಗ್ಗಿಸಿ ನೋಡಿ. ನೂಲಿಗೆ ಮೊದಲೇ ಬಣ್ಣ ಹಾಕಿ ಆಮೇಲೆ ನೇಯ್ದದ್ದರಿಂದ ಚೌಕಳಿ ಎರಡೂ ಮಗ್ಗುಲಲ್ಲಿ ಒಂದೇ ಸಮನೆ ಕಾಣುತ್ತದೆ. ಅಚ್ಚು ಹೊಡೆದ ಬಟ್ಟೆಯಾಗಿದ್ದರೆ ಹಿಂಭಾಗದಲ್ಲಿ ಬಣ್ಣ ಪೇಲವವಾಗಿ ಗುಟ್ಟು ರಟ್ಟಾಗುತ್ತಿತ್ತು. ಅಂಚಿನ ಬಳಿ ಒಂದು ಎಳೆ ತುಸು ದಪ್ಪವಾಗಿದೆಯಲ್ಲ, ಅದು ದೋಷವಲ್ಲ, ಮಗ್ಗದ ಮುಂದೆ ಕೂತವರ ಸಹಿ. ಅಜ್ಜಿ ಉಟ್ಟು, ಅಮ್ಮ ಉಟ್ಟು, ಈಗ ನನಗೆ ಬಂದಿದೆ. ಒಗೆದಷ್ಟೂ ಮೆತ್ತಗಾಗುತ್ತಿದೆ. ನಮ್ಮ ಮನೆಯ ಹೆಂಗಸರಲ್ಲಿ ವಯಸ್ಸಾದಂತೆ ಮೆತ್ತಗಾದದ್ದು ಇದೊಂದೇ.

ರವಿಕೆ ಮಾತ್ರ ನನ್ನದು. ಬೆನ್ನಿನ ಗುಂಡಿಗಳನ್ನು ನೋಡಿ ಅಜ್ಜಿ, "ಮುಂದಿನದ್ದನ್ನು ಹಿಂದೆ ಹಾಕಿಕೊಂಡಿದ್ದೀಯಾ ಮಗಳೇ?" ಎಂದು ಕೇಳಿದರು.

ಕಣಿಯ ಮುಂದೆ

ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ ನೋಡಬೇಕಾದದ್ದು ಇಷ್ಟು: ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಮಾವು, ಗೇರುಹಣ್ಣು, ಕಕ್ಕೆ ಹೂವಿನ ಗೊಂಚಲು, ಚಿನ್ನ, ಕನ್ನಡಿ. ಕನ್ನಡಿ ಇಟ್ಟ ಹಿರಿಯರಿಗೆ ಸಾವಿರ ನಮಸ್ಕಾರ. ಸೆಲ್ಫಿಯನ್ನು ನಾವು ಕಂಡುಹಿಡಿದೆವು ಎಂದುಕೊಂಡಿದ್ದರೆ ಅದು ನಮ್ಮ ಭ್ರಮೆ. ಆದರೆ ಕೂದಲು ಕೆದರಿ, ನಿದ್ದೆಗಣ್ಣಿನಲ್ಲಿ ಕಾಣುವ ಆ ಮುಖವನ್ನೇ ವರ್ಷದ ಮೊದಲ ಶುಭದರ್ಶನವೆಂದು ಒಪ್ಪಿಕೊಳ್ಳಬೇಕು. ಇಲ್ಲಿ ಫಿಲ್ಟರ್ ಇಲ್ಲ. ನಾನು ಒಪ್ಪಿಕೊಂಡೆ, ಆಮೇಲೆ ಹೋಗಿ ಕಾಡಿಗೆ ಹಚ್ಚಿಕೊಂಡೆ.

ನನ್ನ ಸೀರೆಗೂ ಕಕ್ಕೆ ಹೂವಿಗೂ ಬಣ್ಣ ಹೊಂದಿದ್ದು ಕಾಕತಾಳೀಯ ಎಂದು ಮನೆಯವರಿಗೆ ಹೇಳಿದ್ದೇನೆ. ನಿಮಗೆ ಹೇಳಬೇಕಾಗಿಲ್ಲ.

ತಮ್ಮ, ಪೂರ್ಣಾಕೃತಿ

ಸೊಂಟದಿಂದ ಮೇಲೆ ಮಧೂರಿನ ದೇವಸ್ಥಾನಕ್ಕೆ ಹೊರಟವನು. ಪಾದದಲ್ಲಿ ಮಂಗಳೂರಿನ ಮಾಲಿಗೆ ಹೊರಟವನು. ನಡುವೆ ಜರಿ ಅಂಚಿನ ಪಂಚೆ, ಎರಡೂ ಕಡೆಯವರನ್ನು ಸಮಾಧಾನ ಮಾಡುತ್ತ ನಿಂತಿದೆ.

ಮಧೂರಿನಲ್ಲಿ, ಗಜಪೃಷ್ಠದ ಮಾಡು ಕಾಣುವಂತೆ

ತಿಂಗಳ ಹಿಂದೆಯೇ ತರಿಸಿ, ಇಸ್ತ್ರಿ ಹಾಕಿ, ಯಾರೂ ಮುಟ್ಟಬಾರದೆಂದು ಹ್ಯಾಂಗರಿನಲ್ಲಿ ತೂಗಿಸಿದ್ದ ತಮ್ಮನ ಲಿನನ್ ಅಂಗಿಯನ್ನು ನೀವು ಈ ಚಿತ್ರದಲ್ಲಿ ನೋಡಲಾರಿರಿ. ಒಳಗೆ ಹೋಗುವ ಗಂಡಸರು ಅಂಗಿ ಕಳಚಬೇಕು. ಶೂ ಹೊರಗೆ ಉಳಿಯಿತು, ಅಂಗಿ ಅಪ್ಪನ ಜೋಳಿಗೆ ಸೇರಿತು, ಶಾಲು ಹೊದ್ದು ನಿಂತವನು ನಮ್ಮ ಅಜ್ಜನ ಹಳೆಯ ಪಟದ ಹಾಗೆಯೇ ಕಂಡ. ಸಿದ್ಧಿವಿನಾಯಕನಿಗೆ ಯಾವ ಉಡುಪು ಯಾರಿಗೆ ಒಪ್ಪುತ್ತದೆಂದು ಗೊತ್ತು.

ಕೈಯಲ್ಲಿರುವುದು ಅಪ್ಪ ಪ್ರಸಾದ. ಚಿತ್ರ ತೆಗೆಯುವಷ್ಟರಲ್ಲಿ ಅರ್ಧ ಖಾಲಿಯಾಗಿತ್ತು, ಹಾಗಾಗಿ ಕೈ ಮುಚ್ಚಿದೆ.

ಕಿವಿಯ ಬೆಂಡೋಲೆ

ಕೆಂಪು ಕಲ್ಲಿನದು, ಅಮ್ಮನದು. ಹಬ್ಬ ಮುಗಿದ ಕೂಡಲೇ ವಾಪಸು. ರಶೀದಿಗೆ ಸಹಿ ಹಾಕಿಸಿಕೊಂಡಿಲ್ಲ ಅಷ್ಟೇ.

ಮಲ್ಲಿಗೆ, ಹಿಂದಿನಿಂದ

ಹಬ್ಬದ ದಿನ ಒಂದು ಚೆಂಡು ಮಲ್ಲಿಗೆಯ ಬೆಲೆ ಕೇಳಿದ ಮೇಲೆ ಮುಖಕ್ಕಿಂತ ಜಡೆಯ ಚಿತ್ರವೇ ಹೆಚ್ಚು ಬರಬೇಕೆಂದು ನಿರ್ಧರಿಸಿದೆ.

ಅಡುಗೆಮನೆಯ ಬಾಗಿಲಲ್ಲಿ, ಸೆರಗು ಸಿಕ್ಕಿಸಿ

ಈ ಚಿತ್ರದಲ್ಲಿ ನಾನು ನಗುತ್ತಿಲ್ಲ. ಕಾರಣ ಬಲಗಡೆ ಮೊರದಲ್ಲಿದೆ: ಎಳೆ ಗೇರುಬೀಜ. ತೊಂಡೆಕಾಯಿಯ ಜೊತೆ ಅದರ ಪಲ್ಯ ಇಲ್ಲದೆ ನಮ್ಮಲ್ಲಿ ಬಿಸುವಿನ ಊಟವೇ ಇಲ್ಲ, ಅದರ ಸೊನೆ ಬಟ್ಟೆಗೆ ತಾಗಿದರೆ ಕಲೆ ಹೋಗುವುದೂ ಇಲ್ಲ. ತಲೆಮಾರುಗಳಿಂದ ಕಲೆ ಕಾಣದೆ ಬಂದ ಸೀರೆ ನನ್ನ ಮೈಮೇಲಿದೆ, ದೊಡ್ಡಮ್ಮ ಚಾಕು ಹಿಡಿದು "ಬಾ, ನಾಲ್ಕು ಬೀಜ ಸೀಳಿಕೊಡು" ಎಂದು ಕರೆಯುತ್ತಿದ್ದಾರೆ. ಸಂಸ್ಕೃತಿಯನ್ನು ಉಳಿಸುವುದೆಂದರೆ ಏನು ಎಂದು ಯಾರಾದರೂ ಭಾಷಣ ಮಾಡಿದರೆ ಈ ಚಿತ್ರ ತೋರಿಸುತ್ತೇನೆ. ಕೊನೆಗೆ ಅಪ್ಪನ ಹಳೆಯ ತೋರ್ತನ್ನು ಮುಂದೆ ಕಟ್ಟಿಕೊಂಡು ಕೂತೆ. ಸೀರೆಯೂ ಉಳಿಯಿತು, ಪಲ್ಯವೂ ಆಯಿತು, ಚೆಂದವೊಂದು ಹೋಯಿತು.

ಊಟಕ್ಕೆ ಬಂದ ಗೆಳೆಯರೊಂದಿಗೆ

ಎಡದಿಂದ: ಕಸವಿನ ಮುಂಡು ಉಟ್ಟವಳು ನೀಲೇಶ್ವರದವಳು, ಮನೆಯಲ್ಲಿ ಮಲಯಾಳ. ತಳಂಗರೆಯ ಕೈಹೊಲಿಗೆಯ ಟೊಪ್ಪಿ ಇಟ್ಟವನು ತಮ್ಮನ ಸಹಪಾಠಿ. ಅವನು ಬಂದದ್ದು ಹೆಸರುಬೇಳೆ ಪಾಯಸಕ್ಕೆ, ಟೊಪ್ಪಿ ಇಟ್ಟದ್ದು ನಮ್ಮ ಮುಂದೆ ಕಡಿಮೆ ಕಾಣಬಾರದೆಂದು. ಕೊನೆಯವಳು ಮಂಜೇಶ್ವರದವಳು, ತುಳುವಿನಲ್ಲಿ ತಮಾಷೆ ಮಾಡಿ ಕನ್ನಡದಲ್ಲಿ ಕ್ಷಮೆ ಕೇಳುತ್ತಾಳೆ. ಎಲ್ಲರೂ ಒಟ್ಟಿಗೆ ಕ್ಯಾಮೆರಾ ನೋಡಲಿ ಎಂದು ಮಾವ ಮೂರು ಭಾಷೆಗಳಲ್ಲಿ ಕೂಗಿದರು. ಯಾರೂ ನೋಡಲಿಲ್ಲ.

"ನೀವು ಕೇರಳದವರೋ, ಕರ್ನಾಟಕದವರೋ?" ಎಂದು ಕೆಳಗೆ ಬರೆಯಲಿರುವವರಿಗೆ ಮುಂಗಡ ಉತ್ತರ: 1956ರಲ್ಲಿ ಗಡಿ ಎಳೆದವರು ನಮ್ಮ ಕಪಾಟು ತೆರೆದು ನೋಡಿರಲಿಲ್ಲ. ಅದರಲ್ಲಿ ಕಸವು, ಕಾಸರಗೋಡು, ಇಳಕಲ್ಲು ಒಂದೇ ತಟ್ಟಿನಲ್ಲಿ ಇವೆ. ಜಗಳ ಆಗುವುದು ನನಗೂ ಅಕ್ಕನಿಗೂ ಮಾತ್ರ.

ಬೇಕಲ ಕೋಟೆ, ಸಂಜೆ

ಕೆಳದಿಯ ಶಿವಪ್ಪ ನಾಯಕನ ಕಾಲದಿಂದ ಈ ಗೋಡೆಗಳು ಕಡಲಿಗೆ ಎದೆಯೊಡ್ಡಿ ನಿಂತಿವೆ. ನನ್ನ ಸೆರಗು ಒಂದು ನಿಮಿಷವೂ ನಿಲ್ಲಲಿಲ್ಲ. ಸಿನಿಮಾದಲ್ಲಿ ಇದಕ್ಕೆ ಫ್ಯಾನ್ ಹಿಡಿಯುತ್ತಾರಂತೆ, ಇಲ್ಲಿ ಅರಬ್ಬಿ ಸಮುದ್ರ ಪುಕ್ಕಟೆಯಾಗಿ ಬೀಸಿಕೊಟ್ಟಿತು. ಎಷ್ಟು ಪಿನ್ನು ಹಾಕಿದ್ದೆ ಎಂದು ಕೇಳಬೇಡಿ. ರಹಸ್ಯಗಳಿಲ್ಲದ ಕೋಟೆ ಯಾವುದಿದೆ?

ಮರುದಿನ

ಒಗೆದದ್ದು ನಾನು, ಗಂಜಿ ಹಾಕಿದ್ದು ಅಮ್ಮ, ನೆರಳಿನಲ್ಲಿ ಒಣಗಿಸಲು ತಾಕೀತು ಮಾಡಿದ್ದು ಅಜ್ಜಿ. ಇಸ್ತ್ರಿಯ ಕೆಲಸವನ್ನು ತಮ್ಮನಿಗೆ ವಹಿಸಲಾಗಿದೆ. ಶೂ ಹಾಕಿ ಜಗಲಿ ಹತ್ತಿದ ಲೆಕ್ಕ ಅಲ್ಲಿಗೆ ಚುಕ್ತಾ.

ಸೀರೆ ಎಲ್ಲಿಯದು, ಎಷ್ಟಕ್ಕೆ ಎಂದು ಇನ್‌ಬಾಕ್ಸಿನಲ್ಲಿ ಕೇಳಿದವರಿಗೆ: ಅಜ್ಜಿಯ ಕಪಾಟಿನದು ಮಾರಾಟಕ್ಕಿಲ್ಲ. ಕಾಸರಗೋಡಿಗೆ ಬನ್ನಿ, ನೇಕಾರರಿಂದ ನೇರವಾಗಿ ಕೊಳ್ಳಿ, ಚೌಕಾಸಿ ಮಾಡಬೇಡಿ. ಚೌಕಳಿ ಸಾಕು.

#ಬಿಸುಕಣಿ #ಕಾಸರಗೋಡುಸೀರೆ #ಕೈಮಗ್ಗದಗತ್ತು #ಗೇರುಸೊನೆಯಿಂದಪಾರಾದವಳು